ದೂರುಸಮಿತಿಯಲ್ಲಿ ಹೊರಗಣ ಸದಸ್ಯ: ಒಂದು ನಿಯಮದ ಚರಿತ್ರೆ

ಪ್ರಾಚೀನ ಗ್ರಂಥಗಳ ಪಾಠಾಂತರಗಳನ್ನು ಒಂದರೊಡನೊಂದು ಹೋಲಿಸಿ ನೋಡುವ ಅಭ್ಯಾಸವುಳ್ಳವರಿಗೆ ಈ ಅನುಭವವು ಹೊಸದಲ್ಲ: ಎರಡು ಪ್ರತಿಗಳಲ್ಲಿ ವಾಕ್ಯವು ಹೆಚ್ಚುಕಡಮೆ ಒಂದೇ ಆಗಿರುತ್ತದೆ, ಆದರೆ ಒಂದರಲ್ಲಿರುವ ನಾಲ್ಕು ಮಾತುಗಳು ಇನ್ನೊಂದರಲ್ಲಿ ಬಿಟ್ಟುಹೋಗಿರುತ್ತವೆ, ಬಿಟ್ಟುಹೋದ ಆ ನಾಲ್ಕು ಮಾತುಗಳಲ್ಲಿಯೇ ಇಡೀ ವಾಕ್ಯದ ಅಭಿಪ್ರಾಯವು ಅಡಗಿರುತ್ತದೆ. ರಾಜಶಾಸನಗಳಲ್ಲಿಯೂ ಹೀಗಾಗುವುದುಂಟು. ಉದ್ಯೋಗಸ್ಥಳದಲ್ಲಿ ಸ್ತ್ರೀಯರಿಗೆ ಒದಗುವ ಲೈಂಗಿಕ ಕಿರುಕುಳವನ್ನು ವಿಚಾರಿಸುವುದಕ್ಕಾಗಿ ನಮ್ಮ ದೇಶದಲ್ಲಿ ಏರ್ಪಟ್ಟಿರುವ ದೂರುಸಮಿತಿಯ ರಚನೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಅದರಲ್ಲಿಯೂ ಸಮಿತಿಯೊಳಗೆ ಸಂಸ್ಥೆಗೆ ಸೇರದ ಒಬ್ಬ ವ್ಯಕ್ತಿಯು ಕುಳಿತಿರಬೇಕೆಂಬ ನಿಯಮವು ಏತಕ್ಕೆ ಹುಟ್ಟಿತು, ಹೇಗೆ ಬೆಳೆಯಿತು, ಎಲ್ಲಿ ಬಡವಾಯಿತು ಎಂಬಷ್ಟನ್ನೇ ಮುಖ್ಯವಾಗಿ ಹಿಡಿದಿದ್ದೇನೆ.

ಮೊದಲು ಶಬ್ದದ ವಿಷಯವಾಗಿ ಒಂದು ಮಾತು. ಕನ್ನಡದಲ್ಲಿ ಈಗ ರೂಢಿಗೆ ಬಂದಿರುವುದು 'ಕಿರುಕುಳ' ಎಂಬ ಪದ. ಇದರಲ್ಲಿ 'ಕಿರಿದು' ಎಂಬ ಅರ್ಥದ ನೆರಳು ಇನ್ನೂ ಅಳಿದಿಲ್ಲ. ದಿನದಿನವೂ ಸಹಿಸಿಕೊಂಡು ಹೋಗಬಹುದಾದ ಸಣ್ಣ ಉಪದ್ರವವೆಂಬ ಭಾವನೆಯು ಪದದಲ್ಲಿಯೇ ಇರುವುದರಿಂದ, ದೂರು ಕೊಡಬಂದವಳನ್ನು ಹಿಂದಕ್ಕೆ ಕಳುಹಿಸುವವರಿಗೆ ಭಾಷೆಯೇ ಸ್ವಲ್ಪ ಸಹಾಯ ಮಾಡುತ್ತದೆಯೋ ಎಂದು ಸಂದೇಹ ಬರುತ್ತದೆ. ಬೇರೆ ಪದವು ಬಳಕೆಯಲ್ಲಿಲ್ಲವಾದ್ದರಿಂದ ನಾನೂ ಇದನ್ನೇ ಉಪಯೋಗಿಸುತ್ತೇನೆ.

ಚರಿತ್ರೆಯ ಆರಂಭವು ರಾಜಸ್ಥಾನದಲ್ಲಿ, ಜಯಪುರದ ಪ್ರಾಂತದಲ್ಲಿರುವ ಭಟೇರಿ ಎಂಬ ಹಳ್ಳಿಯಲ್ಲಿ ಆಯಿತು. ಆ ರಾಜ್ಯದ ಸರಕಾರವು 1984ನೆಯ ಇಸವಿಯಲ್ಲಿ ಮಹಿಳಾ ಅಭಿವೃದ್ಧಿಯ ಯೋಜನೆಯೊಂದನ್ನು ಆರಂಭಿಸಿ, ಹಳ್ಳಿಹಳ್ಳಿಗೂ 'ಸಾಥಿನ್' ಎಂದರೆ ಗೆಳತಿ ಎಂಬ ಹೆಸರಿನಲ್ಲಿ ಕಾರ್ಯಕರ್ತೆಯರನ್ನು ನೇಮಿಸಿತು. ಕುಂಬಾರರ ಮನೆತನದ ಭಂವರೀದೇವಿ ಎಂಬಾಕೆ ಭಟೇರಿಯ ಸಾಥಿನ್ ಆದಳು. 1992ರಲ್ಲಿ ಬಾಲ್ಯವಿವಾಹಗಳನ್ನು ತಡೆಯಬೇಕೆಂದು ಸರಕಾರವು ಈ ಕಾರ್ಯಕರ್ತೆಯರಿಗೆ ಅಪ್ಪಣೆ ಮಾಡಿತು. ಆಕೆ ತನ್ನ ಊರಿನ ಬಲಿಷ್ಠ ಕುಟುಂಬವೊಂದರಲ್ಲಿ ಕೈಗೂಸಿನ ಮದುವೆಯನ್ನು ತಡೆಯಲು ಯತ್ನಿಸಿದಳು. ಅದರ ಫಲವಾಗಿ ಊರಿನವರು ಆಕೆಯನ್ನು ಬಹಿಷ್ಕರಿಸಿದರು. ಅದೇ ವರ್ಷದ ಸೆಪ್ಟೆಂಬರ್ 22ರಂದು ಹೊಲದಲ್ಲಿ ಗಂಡನ ಎದುರಿನಲ್ಲಿಯೇ ಆಕೆಯ ಮೇಲೆ ಅತ್ಯಾಚಾರವು ನಡೆಯಿತು. 1995ರ ನವೆಂಬರಿನಲ್ಲಿ ವಿಚಾರಣಾ ನ್ಯಾಯಾಲಯವು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು.

ಈ ಮೊಕದ್ದಮೆಗೆ ಹೊರತಾಗಿ, 'ವಿಶಾಖಾ', 'ಜಾಗೋರಿ', 'ಕಾಲಿ ಫಾರ್ ವಿಮೆನ್' ಎಂಬ ಪುಸ್ತಕಪ್ರಕಾಶನ ಸಂಸ್ಥೆ ಮೊದಲಾದವು ಸೇರಿ ಸುಪ್ರೀಂ ಕೋರ್ಟಿಗೆ ಬೇರೊಂದು ಅರ್ಜಿಯನ್ನು ಹಾಕಿದ್ದುವು. ಆಕೆಗೆ ಆ ವಿಪತ್ತು ಒದಗಿದ್ದು ಸರಕಾರದ ಕೆಲಸವನ್ನು ಮಾಡುತ್ತಿದ್ದುದರಿಂದ. ಕೆಲಸಕ್ಕೆ ಹೊರಟ ಹೆಂಗಸಿಗೆ ಕೆಲಸದಿಂದಲೇ ಅಪಾಯವು ಬರುವುದಾದರೆ ಅದನ್ನು ತಡೆಯುವ ಹೊಣೆಯು ಕೆಲಸ ಕೊಟ್ಟವನದು. ಹಾಗೆ ಹೊಣೆಮಾಡುವ ಶಾಸನವು ದೇಶದಲ್ಲಿಲ್ಲ. ಇದು ಅರ್ಜಿಯ ಸಾರ. 1997ನೆಯ ಇಸವಿ ಆಗಸ್ಟ್ 13ರಂದು ಮುಖ್ಯ ನ್ಯಾಯಮೂರ್ತಿ ಜೆ. ಎಸ್. ವರ್ಮಾ, ನ್ಯಾಯಮೂರ್ತಿ ಸುಜಾತಾ ಮನೋಹರ್ ಮತ್ತು ನ್ಯಾಯಮೂರ್ತಿ ಬಿ. ಎನ್. ಕಿರ್ಪಾಲ್ ಇವರ ಪೀಠವು ತೀರ್ಪನ್ನು ಕೊಟ್ಟಿತು. ಭಾರತವು 1993ರಲ್ಲಿ ಅಂಗೀಕರಿಸಿದ್ದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಆಧಾರಮಾಡಿಕೊಂಡು, ಶಾಸನಸಭೆಯು ಕಾಯಿದೆಯನ್ನು ಮಾಡುವವರೆಗೂ ಎಲ್ಲ ಉದ್ಯೋಗಸ್ಥಳಗಳಲ್ಲಿಯೂ ನಡೆಯತಕ್ಕ ನಿಯಮಗಳನ್ನು ನ್ಯಾಯಾಲಯವು ತಾನೇ ರಚಿಸಿತು. ಇದರಲ್ಲಿ ಒಂದು ವಿಪರ್ಯಾಸವಿದೆ. ಭಂವರೀದೇವಿಗೆ ಕೇಡು ಮಾಡಿದವರು ಅವಳ ಕಚೇರಿಯ ಮೇಲಧಿಕಾರಿಗಳಲ್ಲ, ಸಹೋದ್ಯೋಗಿಗಳೂ ಅಲ್ಲ, ಊರಿನ ಜನ. ನ್ಯಾಯಾಲಯವು ರಚಿಸಿದ ನಿಯಮಗಳಾದರೋ ಹೆಚ್ಚಾಗಿ ಒಂದೇ ಸಂಸ್ಥೆಯ ಒಳಗೆ ನಡೆಯುವ ಅಪರಾಧವನ್ನು ಕಣ್ಣಮುಂದಿಟ್ಟುಕೊಂಡವು. ಹೊರಗಿನವರಿಂದ ಪೀಡೆಯಾದರೆ ಮಾಲೀಕನು ನೊಂದವಳಿಗೆ ನೆರವಾಗತಕ್ಕದ್ದೆಂದು ಮಾತ್ರ ಅಲ್ಲಿ ಹೇಳಿದೆ. ಯಾರ ದುಃಖದಿಂದ ಈ ನಿಯಮವು ಹುಟ್ಟಿತೋ ಅವರಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಈಗ ನಮ್ಮ ಪ್ರಸ್ತುತಕ್ಕೆ ಬರುವ ವಾಕ್ಯ. ದೂರುಸಮಿತಿಗೆ ಸ್ತ್ರೀಯೊಬ್ಬಳು ಅಧ್ಯಕ್ಷಳಾಗಿರಬೇಕು, ಸದಸ್ಯರಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ ಸ್ತ್ರೀಯರಿರಬೇಕು ಎಂದು ವಿಧಿಸಿದ ಮೇಲೆ ತೀರ್ಪು ಇನ್ನೊಂದು ವಿಷಯವನ್ನು ಸೇರಿಸುತ್ತದೆ. ಮೇಲಿನ ಅಧಿಕಾರಿಗಳಿಂದ ಅನುಚಿತವಾದ ಒತ್ತಡವೋ ಪ್ರಭಾವವೋ ಬೀಳಬಹುದಾದ ಸಂಭವವನ್ನು ತಡೆಯುವುದಕ್ಕಾಗಿ, ಈ ವಿಷಯವನ್ನು ಬಲ್ಲ ಸರಕಾರೇತರ ಸಂಸ್ಥೆಯೊಂದರಿಂದಲೋ ಅಂಥ ಇನ್ನೊಂದು ಮಂಡಲಿಯಿಂದಲೋ ಮೂರನೆಯ ಪಕ್ಷದವರು ಸಮಿತಿಯಲ್ಲಿ ಸೇರಿರಬೇಕೆಂಬುದು ಅದರ ತಾತ್ಪರ್ಯ. ಇಲ್ಲಿ ವ್ಯಕ್ತಿಯನ್ನೂ ಹೇಳಿದೆ, ಕಾರಣವನ್ನೂ ಹೇಳಿದೆ. ಹೊರಗಿನವರು ಬರುವುದು ಅವರ ಜ್ಞಾನಕ್ಕಾಗಿ ಮಾತ್ರವಲ್ಲ. ಅವರ ಸಂಬಳ, ಬಡ್ತಿ, ವರ್ಗಾವಣೆಗಳು ಆ ಸಂಸ್ಥೆಯ ಕೈಯಲ್ಲಿಲ್ಲವೆಂಬುದಕ್ಕಾಗಿ. ಒಳಗಿನ ಸದಸ್ಯರು ಎಷ್ಟೇ ಪ್ರಾಮಾಣಿಕರಾದರೂ, ನಾಳೆ ಬೆಳಗ್ಗೆ ಅದೇ ಬಾಗಿಲಿನಿಂದ ಒಳಗೆ ಹೋಗಿ ಅದೇ ಮೇಲಧಿಕಾರಿಗೆ ನಮಸ್ಕರಿಸಬೇಕಾದವರು. ಇದನ್ನು ನ್ಯಾಯಾಧೀಶರು ಚೆನ್ನಾಗಿ ತಿಳಿದಿದ್ದರು.

ಮುಂದಿನ ಹದಿನಾರು ವರ್ಷಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಅನೇಕ ಸಂಸ್ಥೆಗಳು ಸಮಿತಿಗಳನ್ನು ರಚಿಸಲೇ ಇಲ್ಲ. ರಚಿಸಿದ ಕಡೆಗಳಲ್ಲಿ ಸಮಿತಿಯು ವಿಚಾರಿಸಿ ವರದಿ ಕೊಟ್ಟ ಮೇಲೆ, ಅದು ಬರಿಯ ಪೂರ್ವಭಾವಿ ವಿಚಾರಣೆಯೆಂದು ಭಾವಿಸಿ ಇಲಾಖೆಯವರು ಮತ್ತೆ ಮೊದಲಿನಿಂದ ಇನ್ನೊಂದು ವಿಚಾರಣೆಯನ್ನು ಹೂಡುತ್ತಿದ್ದರು. ನೊಂದವಳು ಅದೇ ಕಥೆಯನ್ನು ಎರಡನೆಯ ಸಲ, ಈ ಸಾರಿ ಹೊರಗಿನವರಾರೂ ಇಲ್ಲದ ಕೋಣೆಯಲ್ಲಿ ಹೇಳಬೇಕಾಗುತ್ತಿತ್ತು. ಮೇಧಾ ಕೋತ್ವಾಲ್ ಲೇಲೆ ಅವರ ಅರ್ಜಿಯ ಮೇಲೆ 2004ರಲ್ಲಿ ಸುಪ್ರೀಂ ಕೋರ್ಟು ಇದನ್ನು ನಿಲ್ಲಿಸಿ, ಸಮಿತಿಯ ವರದಿಯೇ ಶಿಸ್ತಿನ ನಿಯಮಗಳ ಪ್ರಕಾರ ನಡೆದ ವಿಚಾರಣೆಯ ವರದಿಯೆಂದು ಎಣಿಸತಕ್ಕದ್ದೆಂದು ಆಜ್ಞಾಪಿಸಿತು. ಅದೇ ಪ್ರಕರಣದಲ್ಲಿ 2012ರ ಅಕ್ಟೋಬರ್ 19ರಂದು ಕೊಟ್ಟ ತೀರ್ಪಿನಲ್ಲಿ, ವಿಶಾಖಾ ನಿಯಮಗಳು ಕಾಗದದ ಮೇಲೆ ಉಳಿಯದೆ ನಡೆಯಬೇಕೆಂದು ಪುನಃ ಕಟ್ಟಪ್ಪಣೆಯಾಯಿತು.

ಕಾಯಿದೆಯ ಮಸೂದೆಯನ್ನು ಲೋಕಸಭೆಯು 2012ರ ಸೆಪ್ಟೆಂಬರಿನಲ್ಲಿ ಅಂಗೀಕರಿಸಿತು. ರಾಜ್ಯಸಭೆಯು ಅದನ್ನು ಅಂಗೀಕರಿಸಿದ್ದು 2013ರ ಫೆಬ್ರವರಿಯಲ್ಲಿ. ಇವೆರಡರ ನಡುವೆ, ದೆಹಲಿಯಲ್ಲಿ ಡಿಸೆಂಬರ್ ತಿಂಗಳಲ್ಲಿ ನಡೆದ ಘೋರಕೃತ್ಯದ ತರುವಾಯ, ಸ್ತ್ರೀಯರ ಮೇಲಣ ಅಪರಾಧಗಳ ಶಾಸನವನ್ನು ಪರಿಶೀಲಿಸಲು ಒಂದು ಸಮಿತಿಯನ್ನು ಸರಕಾರವು ನೇಮಿಸಿತು. ಆ ಸಮಿತಿಗೆ ಅಧ್ಯಕ್ಷರಾದವರು, ವಿಶ್ರಾಂತರಾಗಿದ್ದ ಅದೇ ಜೆ. ಎಸ್. ವರ್ಮಾ. 2013ರ ಜನವರಿ 23ರಂದು ಅವರೂ ಲೀಲಾ ಸೇಠ್ ಮತ್ತು ಗೋಪಾಲ ಸುಬ್ರಹ್ಮಣ್ಯಂ ಅವರೂ ಕೊಟ್ಟ ವರದಿಯು ಈ ಮಸೂದೆಯನ್ನೂ ವಿಮರ್ಶಿಸಿತು. ಆಶ್ಚರ್ಯವೇನೆಂದರೆ, 1997ರಲ್ಲಿ ಸಂಸ್ಥೆಯೊಳಗಿನ ದೂರುಸಮಿತಿಯನ್ನು ಸ್ಥಾಪಿಸಿದವರೇ ಈಗ ಅದು ಬೇಡವೆಂದರು. ಮನೆಯೊಳಗಿನ ವಿಚಾರಣೆಯು ಸ್ತ್ರೀಯರು ದೂರು ಕೊಡಲು ಹಿಂಜರಿಯುವಂತೆ ಮಾಡುವುದೆಂದೂ, ಅದರ ಬದಲಿಗೆ ಸಂಸ್ಥೆಗಳಿಂದ ಪ್ರತ್ಯೇಕವಾದ ಉದ್ಯೋಗ ನ್ಯಾಯಮಂಡಲಿಯು ಇರಬೇಕೆಂದೂ ವರದಿಯು ಅಭಿಪ್ರಾಯಪಟ್ಟಿತು. ಹೊರಗಣ ಒಬ್ಬನೇ ಸದಸ್ಯನಿಂದ ಮೇಲಿನವರ ಒತ್ತಡವನ್ನು ತಡೆಯಬಹುದೆಂದು ಹದಿನಾರು ವರ್ಷಗಳ ಹಿಂದೆ ಇಟ್ಟಿದ್ದ ನಂಬಿಕೆಯು ಇಷ್ಟರಮಟ್ಟಿಗೆ ಕುಗ್ಗಿತ್ತೆಂದು ಇದರಿಂದ ಊಹಿಸಿದರೆ ತಪ್ಪಾಗಲಾರದು. ಸಲಹೆಯನ್ನು ಶಾಸನಸಭೆಯು ಸ್ವೀಕರಿಸಲಿಲ್ಲ. ಮಸೂದೆಗೆ ರಾಷ್ಟ್ರಪತಿಗಳ ಅನುಮೋದನೆಯು ದೊರೆತದ್ದು 2013ರ ಏಪ್ರಿಲ್ 22ರಂದು; ನ್ಯಾಯಮೂರ್ತಿ ವರ್ಮಾ ಅವರು ತೀರಿಕೊಂಡದ್ದೂ ಅದೇ ದಿನ. ಕಾಯಿದೆಯು ಅದೇ ವರ್ಷ ಡಿಸೆಂಬರ್ 9ರಿಂದ ಜಾರಿಗೆ ಬಂತು.

ಇನ್ನು ಪಾಠಗಳನ್ನು ಹೋಲಿಸೋಣ. ಹತ್ತು ಅಥವಾ ಅದಕ್ಕೆ ಹೆಚ್ಚು ಮಂದಿ ಕೆಲಸಮಾಡುವ ಪ್ರತಿಯೊಂದು ಕಡೆಯಲ್ಲಿಯೂ ಮಾಲೀಕನು ಲಿಖಿತವಾದ ಆಜ್ಞೆಯಿಂದ ಆಂತರಿಕ ಸಮಿತಿಯನ್ನು ರಚಿಸತಕ್ಕದ್ದು. ಶಾಖೆಗಳು ಬೇರೆ ಬೇರೆ ಊರುಗಳಲ್ಲಿದ್ದರೆ ಒಂದೊಂದಕ್ಕೂ ಒಂದೊಂದು. ಅಲ್ಲಿ ಹಿರಿಯ ಹುದ್ದೆಯಲ್ಲಿರುವ ಸ್ತ್ರೀಯು ಅಧ್ಯಕ್ಷೆ. ನೌಕರರಲ್ಲಿ ಇಬ್ಬರಿಗೆ ಕಡಮೆಯಿಲ್ಲದಂತೆ ಸದಸ್ಯರು. ಇವರು ಸ್ತ್ರೀಯರ ಹಿತದಲ್ಲಿ ನಿಷ್ಠೆಯುಳ್ಳವರೋ ಸಮಾಜಸೇವೆಯ ಅನುಭವ ಅಥವಾ ಕಾನೂನಿನ ತಿಳಿವಳಿಕೆಯುಳ್ಳವರೋ ಆಗಿದ್ದರೆ ಮೇಲು. ಇನ್ನೊಬ್ಬರು, ಸ್ತ್ರೀಯರ ಹಿತಕ್ಕಾಗಿ ದುಡಿಯುವ ಸರಕಾರೇತರ ಸಂಸ್ಥೆಯವರು ಇಲ್ಲವೆ ಲೈಂಗಿಕ ಕಿರುಕುಳದ ವಿಷಯವನ್ನು ಬಲ್ಲವರು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಸ್ತ್ರೀಯರಿರಬೇಕು. ಅವಧಿಯು ಮೂರು ವರ್ಷಗಳನ್ನು ಮೀರಬಾರದು. ಮೇಲಿಂದ ನೋಡಿದರೆ ಇದು ವಿಶಾಖಾ ಪಾಠವೇ. ಆದರೆ 'ಮೇಲಿನ ಅಧಿಕಾರಿಗಳ ಒತ್ತಡವನ್ನು ತಡೆಯುವುದಕ್ಕಾಗಿ' ಎಂಬ ಕಾರಣವು ಇಲ್ಲಿಲ್ಲ. ವ್ಯಕ್ತಿಯು ಉಳಿದನು, ಅವನು ಏತಕ್ಕೆ ಅಲ್ಲಿ ಕುಳಿತಿದ್ದಾನೆಂಬುದು ಬಿಟ್ಟುಹೋಯಿತು.

ಇದರಿಂದ ಮೂರು ಪರಿಣಾಮಗಳಾದುವೆಂದು ನನಗೆ ತೋರುತ್ತದೆ. ಮೊದಲನೆಯದು, ಹೊರಗಿನವರನ್ನು ಆರಿಸುವವನು ಮಾಲೀಕನೇ. ಯಾರ ಒತ್ತಡದಿಂದ ಸಮಿತಿಯನ್ನು ಕಾಪಾಡಬೇಕೋ ಅವರೇ ಕಾವಲುಗಾರನನ್ನೂ ಗೊತ್ತುಮಾಡುತ್ತಾರೆ. ಜಿಲ್ಲೆಯ ಮಟ್ಟದಲ್ಲಿ, ಹತ್ತಕ್ಕೆ ಕಡಮೆ ಜನರಿರುವ ಸ್ಥಳಗಳಿಗೂ ಮಾಲೀಕನ ಮೇಲೆಯೇ ಬರುವ ದೂರುಗಳಿಗೂ ಸ್ಥಾನಿಕ ಸಮಿತಿಯೆಂಬುದು ಬೇರೆ ಇದೆ. ಅಲ್ಲಿ 'ವಿಷಯವನ್ನು ಬಲ್ಲವರು' ಎಂದರೆ ಯಾರೆಂಬುದನ್ನು 2013ರ ನಿಯಮಾವಳಿಯು ಬಿಡಿಸಿ ಹೇಳಿದೆ: ಸಮಾಜಸೇವೆಯಲ್ಲಿ ಐದು ವರ್ಷಗಳಿಗೆ ಕಡಮೆಯಿಲ್ಲದ ಅನುಭವವುಳ್ಳವರು, ಅಥವಾ ಕಾರ್ಮಿಕ, ಸೇವಾ, ಸಿವಿಲ್, ಕ್ರಿಮಿನಲ್ ಕಾನೂನನ್ನು ಬಲ್ಲವರು. ಆಂತರಿಕ ಸಮಿತಿಗೆ ಅಂತಹ ವಿವರಣೆಯಿಲ್ಲ. ಆದಕಾರಣ ಸಂಸ್ಥೆಯ ಪರವಾಗಿ ಎಂದಿನಿಂದಲೂ ಕೆಲಸ ಮಾಡುತ್ತಿರುವ ಸಲಹೆಗಾರರೊಬ್ಬರನ್ನು 'ವಿಷಯವನ್ನು ಬಲ್ಲವರು' ಎಂದು ಕೂರಿಸಿಕೊಳ್ಳಲು ಎಡೆಯುಂಟಾಗಿದೆ. ಇದನ್ನು ನ್ಯಾಯಾಲಯಗಳು ಕಂಡಿಲ್ಲವೆಂದಲ್ಲ. ವಿದೇಶೀಯ ವಿಮಾನಸಂಸ್ಥೆಯೊಂದರ ಪ್ರಕರಣದಲ್ಲಿ 2018ರಲ್ಲಿ ದೆಹಲಿಯ ಹೈಕೋರ್ಟು, ಹೊರಗಣ ಸದಸ್ಯರಿಗೆ ಕಾಯಿದೆಯು ಬೇಡುವ ಅರ್ಹತೆಯಿದೆಯೆಂಬುದು ತೋರಿಬರಲಿಲ್ಲವೆಂದು ಸಮಿತಿಯನ್ನೇ ಹೊಸದಾಗಿ ರಚಿಸುವಂತೆ ಹೇಳಿತು. ಅಂದರೆ ಆ ಒಂದು ಕುರ್ಚಿಯು ಸರಿಯಾಗಿ ತುಂಬದಿದ್ದರೆ ಉಳಿದವರು ಮಾಡಿದ ವಿಚಾರಣೆಯೆಲ್ಲವೂ ಬಿದ್ದುಹೋಗಬಹುದು. ಬಿದ್ದುಹೋದಾಗ ನಷ್ಟವು ಬಹುಪಾಲು ದೂರು ಕೊಟ್ಟವಳದೇ.

ಎರಡನೆಯದು ಹಣದ ಮಾತು. ಹೊರಗಣ ಸದಸ್ಯರಿಗೆ ದಿನವೊಂದಕ್ಕೆ 200 ರೂಪಾಯಿಯ ಭತ್ಯವನ್ನೂ ಪ್ರಯಾಣದ ವೆಚ್ಚವನ್ನೂ ನಿಯಮಾವಳಿಯು ಗೊತ್ತುಮಾಡಿದೆ, ಕೊಡತಕ್ಕವನು ಮಾಲೀಕ. ಅರ್ಧ ದಿನದ ಕೂಲಿಯೂ ಆಗದ ಈ ಹಣಕ್ಕೆ ತಿಂಗಳುಗಟ್ಟಲೆ ಸಾಕ್ಷ್ಯವನ್ನು ಕೇಳಬಲ್ಲ ಅನುಭವಸ್ಥರು ದೊರೆಯುವುದು ಕಷ್ಟ. ಸಂಸ್ಥೆಯು ತಾನಾಗಿ ಹೆಚ್ಚು ಕೊಟ್ಟರೆ, ಕೊಟ್ಟವನ ಋಣವು ಬೀಳುತ್ತದೆ.

ಮೂರನೆಯದು ಇವೆರಡಕ್ಕಿಂತಲೂ ಗಹನವಾದುದು. ವಿಚಾರಣೆಯನ್ನು ನಡೆಸುವಾಗ ಅಧ್ಯಕ್ಷೆಯೂ ಸೇರಿ ಕನಿಷ್ಠ ಪಕ್ಷ ಮೂರು ಮಂದಿ ಸದಸ್ಯರು ಹಾಜರಿರಬೇಕೆಂದು ನಿಯಮಾವಳಿಯಲ್ಲಿದೆ. ಆ ಮೂವರಲ್ಲಿ ಹೊರಗಿನವರು ಒಬ್ಬರಾಗಿರಬೇಕೆಂದು ಅಲ್ಲಿ ಹೇಳಿಲ್ಲ. ಅಧ್ಯಕ್ಷೆ ಮತ್ತು ಇಬ್ಬರು ನೌಕರರು ಸೇರಿದರೆ ಕೋರಂ ಆಯಿತು. ಹೀಗೆ, ಸಮಿತಿಯ ರಚನೆಯಲ್ಲಿ ಯಾರಿಲ್ಲದೆ ಸಮಿತಿಯೇ ಸಿಂಧುವಲ್ಲವೋ ಅವರು, ಸಾಕ್ಷಿಗಳನ್ನು ಪ್ರಶ್ನಿಸುವ ದಿನ ಇಲ್ಲದಿದ್ದರೂ ಕೆಲಸವು ನಡೆಯುತ್ತದೆ. ಕಾರಣವನ್ನು ಮರೆತು ವಿಧಿಯನ್ನು ಮಾತ್ರ ನಕಲುಮಾಡಿದರೆ ಹೇಗಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ನನಗೆ ಕಾಣದು.

ಕಾಲಾವಧಿಯ ವಿಷಯದಲ್ಲಿ ಕಥೆಯು ಇದಕ್ಕೆ ವ್ಯತಿರಿಕ್ತವಾಗಿದೆ. ದೂರನ್ನು ಗೊತ್ತಾದ ಕಾಲದೊಳಗೆ ತೀರಿಸಬೇಕೆಂದಷ್ಟೇ 1997ರ ತೀರ್ಪು ಹೇಳಿತ್ತು, ದಿನಗಳನ್ನು ಎಣಿಸಿರಲಿಲ್ಲ. ಕಾಯಿದೆಯು ಎಣಿಸಿತು. ಈ ಎಣಿಕೆಯನ್ನು ಬರಿಯ ಅಂಕೆಗಳಲ್ಲಿ ಹೇಳಿದರೆ ಅದರ ಸ್ವಭಾವವು ತಿಳಿಯುವುದಿಲ್ಲವಾದ್ದರಿಂದ ಒಂದು ಕಲ್ಪಿತ ಸಂದರ್ಭವನ್ನು ತೆಗೆದುಕೊಳ್ಳೋಣ. ನಲವತ್ತು ಮಂದಿ ಕೆಲಸಮಾಡುವ ಒಂದು ಅಚ್ಚುಕೂಟ. ಅಲ್ಲಿ ಕರಡು ತಿದ್ದುವ ಕೆಲಸಕ್ಕೆ 2025ರ ಜೂನ್ 30ರವರೆಗೆ ಕರಾರಿನ ಮೇಲೆ ನೇಮಕವಾದ ಒಬ್ಬ ಹೆಂಗಸು. ಅವಳ ಮೇಲ್ವಿಚಾರಕನ ದುರ್ವರ್ತನೆಯ ಕೊನೆಯ ಪ್ರಸಂಗವು ಜನವರಿ 10ರಂದು ನಡೆಯಿತೆಂದು ಇಟ್ಟುಕೊಳ್ಳೋಣ. ಅಲ್ಲಿಂದ ಮೂರು ತಿಂಗಳೊಳಗಾಗಿ, ಎಂದರೆ ಏಪ್ರಿಲ್ 10ರೊಳಗೆ, ಅವಳು ದೂರನ್ನು ಬರೆದುಕೊಡಬೇಕು. ಬರೆಯಲು ಆಗದಿದ್ದರೆ ಬರೆಸಿಕೊಳ್ಳುವುದಕ್ಕೆ ಸಮಿತಿಯವರು ತಕ್ಕ ಸಹಾಯವನ್ನು ಕೊಡಬೇಕೆಂದು ಕಾಯಿದೆಯಲ್ಲಿದೆ. ತಡವಾದುದಕ್ಕೆ ಸಕಾರಣವಿದ್ದರೆ, ಆ ಕಾರಣಗಳನ್ನು ಬರೆದಿಟ್ಟು, ಇನ್ನು ಮೂರು ತಿಂಗಳವರೆಗೆ ಸಮಿತಿಯು ಅವಧಿಯನ್ನು ಬೆಳೆಸಬಹುದು. ಅದಕ್ಕೆ ಮೇಲೆ ಇಲ್ಲ. ನಮ್ಮ ಕರಡು ತಿದ್ದುವವಳು ಮಾರ್ಚ್ 3ನೆಯ ಸೋಮವಾರ, ಸಾಕ್ಷಿಗಳ ಹೆಸರು ವಿಳಾಸಗಳೊಡನೆ ದೂರಿನ ಆರು ಪ್ರತಿಗಳನ್ನು ಕೊಟ್ಟಳು.

ಇಲ್ಲಿಂದ ಸಮಿತಿಯ ಗಡಿಯಾರವು ಓಡಲಾರಂಭಿಸುತ್ತದೆ. ಏಳು ಕೆಲಸದ ದಿನಗಳೊಳಗೆ ಒಂದು ಪ್ರತಿಯನ್ನು ಪ್ರತಿವಾದಿಗೆ ಕಳುಹಿಸಬೇಕು. ಭಾನುವಾರಗಳನ್ನು ಮಾತ್ರ ಬಿಟ್ಟು ಎಣಿಸಿದರೆ ಅದು ಮಾರ್ಚ್ 11. ಅಂದು ಅದು ಅವನ ಕೈಸೇರಿದರೆ, ಹತ್ತು ಕೆಲಸದ ದಿನಗಳೊಳಗೆ, ಎಂದರೆ ಮಾರ್ಚ್ 22ರೊಳಗೆ, ಅವನು ತನ್ನ ಉತ್ತರವನ್ನೂ ತನ್ನ ಸಾಕ್ಷಿಗಳ ಹೆಸರುಗಳನ್ನೂ ಕೊಡಬೇಕು. ವಿಚಾರಣೆಯು ಮೊದಲಾಗುವ ಮುಂಚೆ ಅವಳೇ ಬಯಸಿದರೆ ರಾಜಿಯಾಗಬಹುದು. ಆದರೆ ಹಣದ ಮೇಲೆ ರಾಜಿಯು ನಿಲ್ಲಕೂಡದು. ರಾಜಿಯಾಗದಿದ್ದರೆ ವಿಚಾರಣೆಯು 90 ದಿನಗಳಲ್ಲಿ ಮುಗಿಯಬೇಕು. ದೂರು ಬಂದ ದಿನದಿಂದ ಎಣಿಸಿದರೆ ಜೂನ್ 1ಕ್ಕೆ ಮುಗಿಯುತ್ತದೆ; ಪ್ರತಿವಾದಿಯ ಉತ್ತರ ಬಂದ ಮೇಲೆ ಉಳಿಯುವುದು 71 ದಿನ. ಇದರಲ್ಲಿ ಇಬ್ಬರ ಹೇಳಿಕೆ, ಸಾಕ್ಷ್ಯ, ಸಾಕ್ಷಿಗಳಿಗೆ ಎದುರುಪ್ರಶ್ನೆ, ಎಲ್ಲವೂ ಆಗಬೇಕು. ವಕೀಲರಿಗೆ ಅಲ್ಲಿ ಪ್ರವೇಶವಿಲ್ಲ. ಯಾರಾದರೂ ಸಕಾರಣವಿಲ್ಲದೆ ಮೂರು ಸಲ ಒಂದೇ ಸಮನೆ ಬಾರದಿದ್ದರೆ, 15 ದಿನ ಮುಂಚಿತವಾಗಿ ಲಿಖಿತ ನೋಟೀಸು ಕೊಟ್ಟು, ವಿಚಾರಣೆಯನ್ನು ನಿಲ್ಲಿಸುವುದಕ್ಕೋ ಏಕಪಕ್ಷವಾಗಿ ತೀರಿಸುವುದಕ್ಕೋ ಸಮಿತಿಗೆ ಅಧಿಕಾರವುಂಟು. ಮುಗಿದ ಮೇಲೆ ಹತ್ತು ದಿನಗಳಲ್ಲಿ ವರದಿ: ಜೂನ್ 11. ಮಾಲೀಕನು ಅದನ್ನು ಕೈಗೂಡಿಸಲು 60 ದಿನ: ಆಗಸ್ಟ್ 10. ಶಿಫಾರಸುಗಳಿಂದ ನೊಂದವರು, ಅಥವಾ ಅವು ನಡೆಯಲಿಲ್ಲವೆನ್ನುವವರು, ಮೇಲ್ಮನವಿ ಮಾಡಲು 90 ದಿನ. ಇದನ್ನು ಶಿಫಾರಸಿನ ದಿನದಿಂದಲೇ ಎಣಿಸಬೇಕಾದ್ದರಿಂದ ಸೆಪ್ಟೆಂಬರ್ 9ಕ್ಕೆ ಅದು ತೀರುತ್ತದೆ. ಮಾಲೀಕನು ತನ್ನ 60 ದಿನಗಳನ್ನೂ ಸುಮ್ಮನೆ ಕಳೆದನಾದರೆ, ಅವನು ಏನೂ ಮಾಡಲಿಲ್ಲವೆಂಬುದು ಖಚಿತವಾಗುವ ವೇಳೆಗೆ ಮೇಲ್ಮನವಿಗೆ ಉಳಿದಿರುವುದು ಮೂವತ್ತೇ ದಿನ.

ಈ ಕೋಷ್ಟಕದ ಪಕ್ಕದಲ್ಲಿ ಅವಳ ಕರಾರನ್ನಿಟ್ಟು ನೋಡಬೇಕು. ಎಲ್ಲರೂ ತಮ್ಮ ತಮ್ಮ ಗಡುವನ್ನು ಚಾಚೂ ತಪ್ಪದೆ ಪಾಲಿಸಿದರೂ, ಮಾಲೀಕನ ಗಡುವು ತೀರುವುದು ಅವಳ ಕೆಲಸವು ಹೋದ 41 ದಿನಗಳ ಮೇಲೆ. ಕರಾರಿನವರು, ದಿನಗೂಲಿಯವರು, ಹಂಗಾಮಿಯವರು ಎಲ್ಲರೂ ಕಾಯಿದೆಯ ದೃಷ್ಟಿಯಲ್ಲಿ ನೌಕರರೇ. ಕೆಲಸವು ಮುಗಿದ ಮಾತ್ರಕ್ಕೆ ದೂರು ಬಿದ್ದುಹೋಗುವುದಿಲ್ಲ. ವಿಚಾರಣೆಯು ನಡೆಯುತ್ತಿರುವಾಗ ಅವಳು ಬರೆದು ಕೇಳಿಕೊಂಡರೆ, ಇಬ್ಬರಲ್ಲಿ ಒಬ್ಬರ ವರ್ಗಾವಣೆಯನ್ನೋ, ಅವಳಿಗೆ ಮೂರು ತಿಂಗಳವರೆಗಿನ ಹೆಚ್ಚಿನ ರಜೆಯನ್ನೋ ಸಮಿತಿಯು ಶಿಫಾರಸು ಮಾಡಬಹುದು. ಆದರೆ ಮುಗಿಯುತ್ತಿರುವ ಕರಾರನ್ನು ವಿಚಾರಣೆ ತೀರುವವರೆಗಾದರೂ ಮುಂದುವರಿಸತಕ್ಕದ್ದೆಂಬ ಮಾತು ಎಲ್ಲಿಯೂ ಇಲ್ಲ. ಅವಳ ಸಾಕ್ಷಿಗಳೂ ಅದೇ ಕರಾರಿನವರಾದರೆ ಅವರ ಬಾಯಿಯೂ ಜೂನ್ 30ನ್ನು ನೋಡಿಕೊಂಡೇ ತೆರೆಯುವುದು. ಇಂತಹ ಕಡೆಯಲ್ಲಿ ಸಂಸ್ಥೆಯ ಅನ್ನವನ್ನು ತಿನ್ನದ ಒಬ್ಬರು ಕೋಣೆಯಲ್ಲಿರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರವೆಂಬುದನ್ನು ವಾಚಕರೇ ಊಹಿಸಬಹುದು.

ಅವಧಿಗಳು ಎರಡು ಬಗೆಯಲ್ಲಿ ಕೆಡುತ್ತವೆ. ಒಂದು ತಡ. ದೂರು ಕೊಡುವವಳ ಗಡುವು ಮೀರಿದರೆ ಬಾಗಿಲು ಮುಚ್ಚುತ್ತದೆ. ಪಶ್ಚಿಮ ಬಂಗಾಳದ ಒಂದು ಕಾನೂನು ವಿಶ್ವವಿದ್ಯಾಲಯದಲ್ಲಿ ಕೊನೆಯ ಪ್ರಸಂಗವು 2023ರ ಏಪ್ರಿಲಿನದೆಂದೂ ದೂರು ಬಂದದ್ದು ಡಿಸೆಂಬರಿನಲ್ಲೆಂದೂ ಲೆಕ್ಕಹಾಕಿ, ಬೆಳೆಸಿದ ಆರು ತಿಂಗಳೂ ಕಳೆದುಹೋದುವೆಂದು ಸ್ಥಾನಿಕ ಸಮಿತಿಯು ಅದನ್ನು ತಳ್ಳಿಹಾಕಿತು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಲೆಕ್ಕವನ್ನೇ ಎತ್ತಿಹಿಡಿಯಿತು. ಸಮಿತಿಯ 90 ದಿನಗಳು ಮೀರಿದರೆ ಏನಾಗಬೇಕೆಂಬುದನ್ನು ಮಾತ್ರ ಕಾಯಿದೆಯು ಹೇಳುವುದಿಲ್ಲ. ದುರ್ಬಲಳ ಗಡುವಿಗೆ ಫಲವಿದೆ, ಬಲಿಷ್ಠರ ಗಡುವಿಗೆ ಇಲ್ಲ.

ಇನ್ನೊಂದು ಅವಸರ. ಗೋವಾ ವಿಶ್ವವಿದ್ಯಾಲಯದ ವಿಭಾಗಮುಖ್ಯರೊಬ್ಬರ ಮೇಲೆ 2009ರಲ್ಲಿ, ಕಾಯಿದೆಗೆ ಮುಂಚಿನ ಕಾಲದಲ್ಲಿ, ವಿದ್ಯಾರ್ಥಿನಿಯರು ದೂರುಕೊಟ್ಟಿದ್ದರು. ಸಮಿತಿಯು ಮೇ ತಿಂಗಳಿನಲ್ಲಿ ಮೇಲಿಂದ ಮೇಲೆ ಸಭೆಗಳನ್ನು ಸೇರಿಸಿ, ಅನಾರೋಗ್ಯದ ಕಾರಣದಿಂದ ಪ್ರತಿವಾದಿಯು ಕಾಲಾವಕಾಶವನ್ನು ಕೇಳಿದಾಗ ಏಕಪಕ್ಷವಾಗಿ ಮುಂದುವರಿದು ವರದಿಯನ್ನು ಕೊಟ್ಟಿತು. ಅವರನ್ನು ಕೆಲಸದಿಂದ ವಜಾ ಮಾಡಲಾಯಿತು. 2023ರ ಮೇ 12ರಂದು ನ್ಯಾಯಮೂರ್ತಿ ಎ. ಎಸ್. ಬೋಪಣ್ಣ ಮತ್ತು ನ್ಯಾಯಮೂರ್ತಿ ಹಿಮಾ ಕೊಹ್ಲಿ ಅವರ ಪೀಠವು, ಸಮಿತಿಯ ಉದ್ದೇಶವು ಒಳ್ಳೆಯದಾಗಿದ್ದರೂ ಸಹಜನ್ಯಾಯದ ಕ್ರಮವು ತಪ್ಪಿತೆಂದು ಆಜ್ಞೆಯನ್ನು ರದ್ದುಮಾಡಿ ಪುನಃ ವಿಚಾರಣೆಗೆ ಕಳುಹಿಸಿತು. ಹದಿನಾಲ್ಕು ವರ್ಷಗಳ ಮೇಲೆ, ಅಂದಿನ ವಿದ್ಯಾರ್ಥಿನಿಯರು ಎಲ್ಲೆಲ್ಲಿಯೋ ಚೆದರಿಹೋದ ಮೇಲೆ, ವಿಚಾರಣೆಯು ಮತ್ತೆ! ಹತ್ತು ದಿನಗಳನ್ನು ಉಳಿಸಲು ಹೋಗಿ ಆದ ನಷ್ಟವಿದು. ಅದೇ ತೀರ್ಪಿನಲ್ಲಿ, ದೇಶದ 30 ಕ್ರೀಡಾ ಒಕ್ಕೂಟಗಳಲ್ಲಿ 16ರಲ್ಲಿ ಆಂತರಿಕ ಸಮಿತಿಯೇ ಇರಲಿಲ್ಲವೆಂಬ ವೃತ್ತಪತ್ರಿಕೆಯ ವರದಿಯನ್ನು ನ್ಯಾಯಾಲಯವು ಎತ್ತಿಹೇಳಿ, ಸಮಿತಿಗಳ ರಚನೆಯನ್ನು ಪರೀಕ್ಷಿಸಲು ಸರಕಾರಗಳಿಗೆ ಅಪ್ಪಣೆಮಾಡಿತು.

ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಅಧ್ಯಾಪಕರಾದ್ದರಿಂದ ವಿದ್ಯಾಸಂಸ್ಥೆಗಳ ನಿಯಮವನ್ನೂ ಹೇಳಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ನಿಬಂಧನೆಗಳು 2016ರ ಮೇ ತಿಂಗಳಲ್ಲಿ ಪ್ರಕಟವಾದುವು. ಅದರಂತೆ ಅಧ್ಯಕ್ಷೆಯಲ್ಲದೆ ಇಬ್ಬರು ಅಧ್ಯಾಪಕರು, ಇಬ್ಬರು ಅಧ್ಯಾಪಕೇತರರು, ವಿದ್ಯಾರ್ಥಿಗಳ ಸಂಬಂಧದ ದೂರಾದರೆ ಮೂವರು ಚುನಾಯಿತ ವಿದ್ಯಾರ್ಥಿಗಳು, ಮತ್ತು ಹೊರಗಿನವರು ಒಬ್ಬರು. 90 ದಿನಗಳನ್ನು ದೂರು ಬಂದ ದಿನದಿಂದ ಎಣಿಸಬೇಕೆಂದು ಇಲ್ಲಿ ಸ್ಪಷ್ಟವಾಗಿ ಹೇಳಿದೆ. ವರದಿಯು ಬಂದ ಮೇಲೆ ಸಂಸ್ಥೆಗಿರುವ ಕಾಲ 60 ದಿನವಲ್ಲ, 30 ದಿನ. ಅದಕ್ಕಿಂತಲೂ ಮುಖ್ಯವಾದ ವಿಧಿಯೊಂದಿದೆ. ಕುಲಪತಿ, ಕುಲಸಚಿವ, ಡೀನ್, ವಿಭಾಗಮುಖ್ಯ ಮೊದಲಾದ ಆಡಳಿತಾಧಿಕಾರಿಗಳು ಸಮಿತಿಯ ಸದಸ್ಯರಾಗಕೂಡದು. ಸಮಿತಿಯ ಸ್ವಾತಂತ್ರ್ಯವನ್ನು ಕಾಪಾಡುವುದೇ ಇದಕ್ಕೆ ಕಾರಣವೆಂದು ನಿಬಂಧನೆಯೇ ಹೇಳುತ್ತದೆ. ಸಂಸತ್ತಿನ ಪಾಠದಲ್ಲಿ ಬಿಟ್ಟುಹೋದ ಕಾರಣವು, ಒಂದು ಮೂಲೆಯಲ್ಲಿ, ಬೇರೆ ರೂಪದಲ್ಲಿ, ಹೀಗೆ ಉಳಿದುಬಂದಿದೆ.

ಆದರೆ ಕಾಲೇಜುಗಳಲ್ಲಿಯೂ ಹೊರಗಣ ಸದಸ್ಯರು ಪ್ರತಿಯೊಂದು ಬೈಠಕಿನಲ್ಲಿಯೂ ಇದ್ದರೇ ಎಂಬುದು ಸಮಿತಿಯ ಆದೇಶಪತ್ರದಿಂದ ತಿಳಿಯುವುದಿಲ್ಲ. ಆದೇಶಪತ್ರವು ಗೋಡೆಯ ಮೇಲೆ ತೂಗುಹಾಕಿರುತ್ತದೆ. ಅದರಲ್ಲಿ ಆರೋ ಒಂಬತ್ತೋ ಹೆಸರುಗಳು ಕ್ರಮವಾಗಿಯೇ ಇರುತ್ತವೆ. ತಿಳಿಯಬೇಕಾದರೆ ವಿಚಾರಣೆಯ ನಡವಳಿಪುಸ್ತಕವನ್ನು ತೆರೆದು, ದೂರುಕೊಟ್ಟವಳ ಹೇಳಿಕೆಯಾದ ದಿನ, ಎದುರುಪ್ರಶ್ನೆಯಾದ ದಿನ, ವರದಿಗೆ ರುಜುವಾದ ದಿನ, ಈ ಮೂರು ಪುಟಗಳ ಕೆಳಗಣ ರುಜುಗಳನ್ನು ನೋಡಬೇಕು. ಮೂರನೆಯ ಪುಟದಲ್ಲಿ ಮಾತ್ರ ಹೊರಗಿನವರ ರುಜುವಿದ್ದರೆ, ವಿಚಾರಣೆಯಲ್ಲಿ ಅವರು ಇರಲಿಲ್ಲವೆಂದೇ ತಿಳಿಯತಕ್ಕದ್ದು.